ಫೈವ್ ಅಂದರೆ ನೈನ್ ಬರೆಯುವ ಫೋನು

ಮನುಷ್ಯರ ಮಾತಿನಲ್ಲಿ ಯಂತ್ರ ಮೊದಲು ಗುರುತಿಸಿದ್ದೇ ಅಂಕಿಗಳನ್ನು. 1952ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 'ಆಡ್ರಿ' ಎಂಬ ಯಂತ್ರ ಕಟ್ಟಿದರು. ಅದಕ್ಕೆ ಸೊನ್ನೆಯಿಂದ ಒಂಬತ್ತರವರೆಗಿನ ಹತ್ತು ಪದಗಳು ಬಿಟ್ಟರೆ ಬೇರೇನೂ ತಿಳಿಯದು. ಯಾರ ದನಿಗೆ ಹೊಂದಿಸಿದ್ದರೋ ಅವರೇ ಮಾತಾಡಬೇಕಿತ್ತು, ಒಂದು ಅಂಕಿ ಹೇಳಿ ತಡೆದು ಇನ್ನೊಂದನ್ನು ಹೇಳಬೇಕಿತ್ತು. ಹಾಗೆ ಹೇಳಿದರೆ ಬಹುಪಾಲು ಸರಿಯಾಗಿಯೇ ಗುರುತಿಸುತ್ತಿತ್ತು. ಈಗ ನಮ್ಮ ಜೇಬಿನ ಫೋನು ಕನ್ನಡದಲ್ಲಿ ಹೇಳಿದ ಉದ್ದುದ್ದ ವಾಕ್ಯವನ್ನೂ ಬರೆದುಕೊಡುತ್ತದೆ. ಆದರೂ ಮೊಬೈಲ್ ನಂಬರ್ ಹೇಳಿದಾಗ ಮಾತ್ರ ಎಲ್ಲೋ ಒಂದು ಅಂಕಿ ತಪ್ಪುತ್ತದೆ.

ಇದಕ್ಕೆ ಕಾರಣ ಕಿವಿಗಿಂತ ಹೆಚ್ಚಾಗಿ ಊಹೆ. ಮಾತನ್ನು ಬರಹ ಮಾಡುವ ವ್ಯವಸ್ಥೆ ಎರಡು ಕಡೆಯಿಂದ ಸುಳಿವು ಹಿಡಿಯುತ್ತದೆ. ಒಂದು, ಕಿವಿಗೆ ಬಿದ್ದ ಸದ್ದು. ಇನ್ನೊಂದು, ಈ ಪದದ ಹಿಂದೆ ಮುಂದೆ ಸಾಮಾನ್ಯವಾಗಿ ಯಾವ ಪದ ಬರುತ್ತದೆ ಎಂಬ ಅಂದಾಜು. 'ನಾಳೆ ಬೆಳಿಗ್ಗೆ ಬಸ್ಸಿಗೆ ಊರಿಗೆ ಹೋಗ್ತೀನಿ' ಅನ್ನುವಾಗ ಪಕ್ಕದಲ್ಲಿ ಲಾರಿ ಹಾರ್ನ್ ಹೊಡೆದು 'ಊರಿಗೆ' ಅರ್ಧ ನುಂಗಿಹೋದರೂ ಸುತ್ತಲಿನ ಪದಗಳು ಅದನ್ನು ಎತ್ತಿ ನಿಲ್ಲಿಸುತ್ತವೆ. ಫೋನ್ ನಂಬರಿನಲ್ಲಿ ಆ ಊರುಗೋಲು ಇಲ್ಲ. ನಾಲ್ಕರ ಮುಂದೆ ಏಳೂ ಬರಬಹುದು, ಎರಡೂ ಬರಬಹುದು. ಹತ್ತೂ ಅಂಕಿಗಳಿಗೆ ಸಮಾನ ಅವಕಾಶ. ಹಾಗಾಗಿ ಸದ್ದೊಂದನ್ನೇ ನಂಬಿ ತೀರ್ಮಾನಿಸಬೇಕು.

ಆ ಸದ್ದಾದರೂ ಗಟ್ಟಿಯೇ? ನಾವು ಕನ್ನಡ ಮಾತಾಡುತ್ತಲೇ ನಂಬರ್ ಬಂದಾಗ ಇಂಗ್ಲಿಷಿಗೆ ಹೊರಳುವವರು. ಫೈವ್ ಮತ್ತು ನೈನ್ ಎರಡರಲ್ಲೂ ಗಟ್ಟಿಯಾಗಿ ಕೇಳುವುದು ನಡುವಿನ 'ಐ' ಸ್ವರ. ಆಚೀಚೆಯ ವ್ಯಂಜನಗಳು ತೆಳು. ಫ್ಯಾನಿನ ಗಾಳಿಗೋ ಸ್ಕೂಟರ್ ಸದ್ದಿಗೋ ಅವು ಅಳಿಸಿಹೋದರೆ ಉಳಿಯುವುದು ಬರೀ 'ಐ'. ವಿಮಾನದ ಪೈಲಟ್‌ಗಳು ರೇಡಿಯೊದಲ್ಲಿ ಒಂಬತ್ತಕ್ಕೆ 'ನೈನರ್', ಐದಕ್ಕೆ 'ಫೈಫ್' ಅನ್ನುವ ಪದ್ಧತಿ ಇರುವುದೂ ಅಂಕಿಗಳು ಒಂದರಂತೆ ಇನ್ನೊಂದು ಕೇಳಬಾರದೆಂದೇ. ಕನ್ನಡದಲ್ಲಿ ಹೇಳಿದರೆ ಈ ಜೋಡಿ ಬೇರೆಯಾಗುತ್ತದೆ, ಆದರೆ ಇನ್ನೊಂದು ಜೋಡಿ ಅಂಟಿಕೊಳ್ಳುತ್ತದೆ. ಮೂರು ಮತ್ತು ಆರು ಗದ್ದಲದಲ್ಲಿ 'ರು' ಒಂದನ್ನೇ ಉಳಿಸುತ್ತವೆ. ಅದೂ ಸಾಲದೆಂಬಂತೆ ಆರು 'ಯಾರು' ಆಗಬಹುದು, ಐದು 'ಇದು' ಆಗಬಹುದು.

ಯಾರೋ ಕರೆಯಲ್ಲಿ ಹೇಳುವ ನಂಬರನ್ನು ಸ್ಪೀಕರಿಗೆ ಹಾಕಿ ಇನ್ನೊಂದು ಫೋನಿಗೆ ಕೇಳಿಸುವ ಅಭ್ಯಾಸ ಕೆಲವರಿಗಿದೆ. ಮಾಡಬೇಡಿ. ಹಳೆಯ ಬಗೆಯ ಫೋನ್ ಮಾರ್ಗ ದಾಟಿಸುವುದು ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಸದ್ದನ್ನು ಮಾತ್ರ. 'ಸ', 'ಫ'ಗಳ ಗುರುತು ಹೆಚ್ಚಾಗಿ ಅದಕ್ಕಿಂತ ಮೇಲಿರುತ್ತದೆ.

ಸದ್ದು ಸರಿಯಾಗಿ ಸಿಕ್ಕಿದರೂ ಕೆಲಸ ಮುಗಿಯಲಿಲ್ಲ. ಕೇಳಿದ ಪದಗಳನ್ನು ಅಂಕಿಗಳಾಗಿ ಬರೆಯುವುದು ಪ್ರತ್ಯೇಕ ಹಂತ, ನಾವು 'ಡಬಲ್', 'ಟ್ರಿಪಲ್' ಅನ್ನುವುದು, ಎರಡೆರಡು ಅಂಕಿ ಕೂಡಿಸಿ ಓದುವುದು ತೊಡಕಾಗುವುದು ಅಲ್ಲಿಯೇ.

ಒಂದು ಉದಾಹರಣೆ ನೋಡೋಣ. ಬೋರ್‌ವೆಲ್ ಮೋಟರ್ ಸುಟ್ಟಿದೆ, ವೈಂಡಿಂಗ್ ಮಾಡುವವರ ನಂಬರನ್ನು ಪಕ್ಕದ ತೋಟದವರು ಹೇಳುತ್ತಿದ್ದಾರೆ, ಕೇಳಿಸಿಕೊಂಡವರು ಹಾಗೇ ಫೋನಿನ ಮೈಕಿಗೆ ಹೇಳುತ್ತಿದ್ದಾರೆ. ಕೊನೆಯ ಆರು ಅಂಕಿ 559662. (ಮೊದಲ ನಾಲ್ಕನ್ನು ಬೇಕೆಂದೇ ಬಿಟ್ಟಿದ್ದೇನೆ, ಸುಮ್ಮನೆ ಯಾರದೋ ಫೋನ್ ಬಡಿದುಕೊಳ್ಳುವುದು ಬೇಡ.) ಹೇಳಿದ ಬಗೆ ಹೀಗೆ: 'ಡಬಲ್ ಫೈವ್, ನೈನ್, ಸಿಕ್ಸ್ ಸಿಕ್ಸ್‌ಟಿ ಟೂ.' 'ಸಿಕ್ಸ್ ಸಿಕ್ಸ್‌ಟಿ' ವೇಗವಾಗಿ ಬಂದಾಗ ಮೊದಲ ಸಿಕ್ಸ್ ಎರಡನೆಯದರೊಳಗೆ ಕರಗಿತು. ಅಲ್ಲಿಗೆ ಒಂದು ಆರು ಹೋಯಿತು. 'ಸಿಕ್ಸ್‌ಟಿ' ಆದಮೇಲೆ ಅವರು ಒಂದು ಕ್ಷಣ ನಿಂತರು. ಫೋನು ಅದನ್ನು 62 ಎಂದು ತಿಳಿಯದೆ 60, ಆಮೇಲೆ 2 ಎಂದು ಬರೆಯಿತು. ಅಲ್ಲಿ ಒಂದು ಸೊನ್ನೆ ಸೇರಿತು. ಪರದೆಯ ಮೇಲೆ ಮೂಡಿದ್ದು 559602.

ಒಂದು ಅಂಕಿ ಹೋಯಿತು, ಒಂದು ಬಂತು, ಲೆಕ್ಕ ಸರಿಯಾಯಿತು! ಅಂಕಿ ಎಣಿಸುವುದು ಮೊದಲ ಪರೀಕ್ಷೆ ನಿಜ. ಮೊಬೈಲ್ ನಂಬರಿಗೆ ಹತ್ತು ಇರಬೇಕು, ಮೊದಲನೆಯದು 6, 7, 8, 9ರಲ್ಲಿ ಒಂದಾಗಿರಬೇಕು. ಮೈಕು ಪೂರ್ತಿ ತೆರೆಯುವ ಮುಂಚೆಯೇ ಹೇಳಿಬಿಟ್ಟು ಮೊದಲ ಅಂಕಿ ಕಳೆದುಹೋಗಿದ್ದರೆ ಈ ಎಣಿಕೆ ಹಿಡಿಯುತ್ತದೆ. ಮೇಲಿನಂಥ ತಪ್ಪನ್ನು ಹಿಡಿಯದು. ಫೈವ್ ಬದಲು ನೈನ್ ಆಗಿದ್ದರೂ ಹಿಡಿಯದು.

ಆಧಾರ್ ಸಂಖ್ಯೆಯಲ್ಲಿ ಇಂಥ ತೊಂದರೆ ಕಡಿಮೆ. ಅದರ ಹನ್ನೆರಡನೆಯ ಅಂಕಿ ಹಿಂದಿನ ಹನ್ನೊಂದರಿಂದ ಲೆಕ್ಕ ಹಾಕಿ ಬಂದದ್ದು, ಒಂದು ಅಂಕಿ ತಪ್ಪಿದರೂ ತಾಳೆಯಾಗುವುದಿಲ್ಲ. ಫೋನ್ ನಂಬರಿಗೆ ಅಂಥ ಕಾವಲು ಅಂಕಿ ಇಲ್ಲ. ತಪ್ಪು ನಂಬರ್ ಕೂಡ ನೋಡಲು ಸರಿಯಾದ ನಂಬರೇ, ಅದು ಬೇರೆಯವರದು ಅಷ್ಟೆ. ಇನ್ನು ಲೆಕ್ಕ ನೋಡಿದರೆ, ನೂರು ಅಂಕಿಗೆ ಒಂದೇ ತಪ್ಪು ಮಾಡುವಷ್ಟು ಜಾಣ ಫೋನ್ ಇದೆ ಅಂದುಕೊಳ್ಳಿ, ಹತ್ತಂಕಿಯ ನಂಬರ್‌ಗಳನ್ನು ಬರೆಯುವಾಗ ಅದೂ ಹೆಚ್ಚುಕಡಿಮೆ ಹತ್ತರಲ್ಲೊಂದನ್ನು ಕೆಡಿಸುತ್ತದೆ.

ಆದ್ದರಿಂದ ಮಾತಿನಲ್ಲೇ ನೇರವಾಗಿ ಡಯಲ್ ಮಾಡಿಸಬೇಡಿ. ನೋಟ್ಸಿನಲ್ಲೋ ಮೆಸೇಜ್ ಬರೆಯುವ ಜಾಗದಲ್ಲೋ ಹೇಳಿಸಿ, ಐದೈದು ಅಂಕಿಗಳಾಗಿ ಒಡೆಯಿರಿ. ನಡುವೆ ಜಾಗ ಬಿಟ್ಟರೆ ಸಾಮಾನ್ಯವಾಗಿ ಕರೆಗೆ ತೊಂದರೆಯಿಲ್ಲ. ಹೇಳುವಾಗಲೂ 'ಡಬಲ್' ಬಿಟ್ಟು 'ಫೈವ್ ಫೈವ್' ಎನ್ನಿ, 'ಓ' ಬಿಟ್ಟು 'ಝೀರೋ' ಎನ್ನಿ. ತೀರಾ ಎಳೆದೆಳೆದು ಹೇಳುವುದೂ ಬೇಡ, ನಡುವೆ ಹೆಚ್ಚು ತಡೆದರೆ ಮಾತು ಮುಗಿಯಿತೆಂದು ಫೋನು ಕೇಳುವುದನ್ನೇ ನಿಲ್ಲಿಸುತ್ತದೆ.

ಮುಖ್ಯವಾದದ್ದು ಓದಿ ಒಪ್ಪಿಸುವುದು. ಹೇಳಿದವರೇ ತಾವು ಹೇಳಿದ್ದನ್ನು ಪರದೆಯಲ್ಲಿ ನೋಡಿದರೆ ಕಣ್ಣು ಮೋಸ ಮಾಡುತ್ತದೆ, ತಲೆಯಲ್ಲಿರುವ ನಂಬರನ್ನೇ ಅಲ್ಲಿ ಕಾಣುತ್ತದೆ. ಅದಕ್ಕೇ ಕೊನೆಯ ಐದರಿಂದ ಶುರುಮಾಡಿ, ಪರದೆಯಲ್ಲಿ ಇರುವುದನ್ನು ಒಂದೊಂದೇ ಅಂಕಿಯಾಗಿ, ಇನ್ನೊಂದು ಭಾಷೆಯಲ್ಲಿ ಓದಬೇಕು. ಇಂಗ್ಲಿಷಿನಲ್ಲಿ ಕೇಳಿದ್ದನ್ನು ಕನ್ನಡದಲ್ಲಿ, ಕನ್ನಡದಲ್ಲಿ ಕೇಳಿದ್ದನ್ನು ಇಂಗ್ಲಿಷಿನಲ್ಲಿ. ಇಂಗ್ಲಿಷಿನಲ್ಲಿ ಕಲಸಿಹೋಗುವ ಫೈವ್‌–ನೈನ್ ಕನ್ನಡದಲ್ಲಿ ಐದು, ಒಂಬತ್ತು ಆದಾಗ ಯಾರೂ ಬದಲಿಸಿ ಕೇಳಲಾರರು. ಮೂರು–ಆರು, ಥ್ರೀ–ಸಿಕ್ಸ್ ಆದಾಗಲೂ ಅಷ್ಟೇ.

ನಮ್ಮ ಮೋಟರಿನ ನಂಬರಿಗೆ ಇದನ್ನು ಹಚ್ಚಿದರೆ:

'ಅಣ್ಣಾ, ಇನ್ನೊಂದ್ಸಲ ಓದ್ತೀನಿ, ಚೀಟಿ ನೋಡ್ಕೊಂಡೇ ಕೇಳಿ. ಕೊನೇದು ಐದು, ಒಂಬತ್ತು, ಆರು, ಸೊನ್ನೆ, ಎರಡು.'

'ಸೊನ್ನೆ ಎಲ್ಲಿಂದ ಬಂತಪ್ಪ? ಆರು, ಆರು, ಎರಡು.'

ಚೀಟಿ ನೋಡಿಕೊಂಡೇ ಎಂದದ್ದು ಸುಮ್ಮನೆ ಅಲ್ಲ. ಓದುತ್ತಿರುವಾಗ ಎದುರಿನವರು 'ಹ್ಞೂಂ, ಹ್ಞೂಂ' ಅನ್ನುತ್ತಾ ಹೋಗುವುದು ನಮ್ಮಲ್ಲಿ ಮರ್ಯಾದೆಯ ಮಾತು, ಒಪ್ಪಿಗೆಯಲ್ಲ. ಅನುಮಾನವಿದ್ದರೆ ನೀವು ಓದುವುದನ್ನು ನಿಲ್ಲಿಸಿ 'ಆಮೇಲೆ?' ಎನ್ನಿ, ಮುಂದಿನ ಅಂಕಿಯನ್ನು ಅವರ ಬಾಯಿಂದಲೇ ಹೇಳಿಸಿ.

ವಾಟ್ಸಾಪ್‌ನಲ್ಲಿ ಫೋಟೋ ನೋಡಿ ಖಾತ್ರಿ ಮಾಡಿಕೊಳ್ಳುವವರೂ ಇದ್ದಾರೆ. ಮುಖ ಗುರುತಿದ್ದರೆ ಸರಿ, ಆದರೆ ದೇವರ ಫೋಟೋ, ಮಗುವಿನ ಫೋಟೋ ಇಟ್ಟವರಲ್ಲಿ ಇದು ನಡೆಯದು. ಇನ್ನು ನಂಬರ್ ಕೊಟ್ಟವರ ಚೀಟಿಯೇ ತಪ್ಪಿದ್ದರೆ ಯಾವ ಪರೀಕ್ಷೆಯೂ ಅದನ್ನು ಹಿಡಿಯುವುದಿಲ್ಲ, ಆಗ ಕರೆ ತೆಗೆದ ಕೂಡಲೇ 'ಮೋಟರ್ ವೈಂಡಿಂಗ್ ಅಂಗಡೀನಾ?' ಎಂದು ಕೇಳಿಯೇ ಮುಂದಿನ ಮಾತು. ಅಂಗಡಿಯ ಬೋರ್ಡಿನಲ್ಲಿ ಬರೆದ ನಂಬರಾದರೆ ಬಾಯಿಬಿಟ್ಟು ಹೇಳುವ ಕೆಲಸವೇ ಬೇಡ, ಒಂದು ಫೋಟೋ ಹೊಡೆದುಕೊಂಡು ನೋಡಿ ಒತ್ತಿ.