ರಾತ್ರಿ ಎಂಟೂವರೆಯ ಪೋಸ್ಟ್

ಮೈಸೂರಿನ ಒಂದು ಹವ್ಯಾಸಿ ನಾಟಕ ತಂಡವನ್ನು ಕಲ್ಪಿಸಿಕೊಳ್ಳಿ. ಇನ್‌ಸ್ಟಾಗ್ರಾಂನಲ್ಲಿ ಅದಕ್ಕೆ 2,400 ಫಾಲೋವರ್‌ಗಳು. ಖಾತೆ ನೋಡಿಕೊಳ್ಳುವ ಹುಡುಗ ಬ್ಯಾಂಕ್ ಉದ್ಯೋಗಿ. ಬೆಳಿಗ್ಗೆ ಹನ್ನೊಂದರ ಟೀ ಬಿಡುವಿನಲ್ಲಿ ತಾಲೀಮಿನ ಫೋಟೊ ಹಾಕುತ್ತಾನೆ. ಹನ್ನೊಂದೇ ಯಾಕೆಂದರೆ ಅವನಿಗೆ ಆಗ ಪುರುಸೊತ್ತು. ನೋಡುವವರ ಪುರುಸೊತ್ತು ಯಾವಾಗ ಎಂದು ಯಾರೂ ಕೇಳಿಲ್ಲ. ಕೇಳಿದವರು ಅಂತರ್ಜಾಲದಲ್ಲಿ ಹುಡುಕಿ, ‘ಬುಧವಾರ ಬೆಳಿಗ್ಗೆ ಒಳ್ಳೆಯದು’ ಎಂಬಂಥ ಪಟ್ಟಿಯೊಂದನ್ನು ತರುತ್ತಾರೆ. ಅದು ಎಲ್ಲೆಲ್ಲಿಯದೋ ಸಾವಿರಾರು ಖಾತೆಗಳ ಸರಾಸರಿ. ಮೈಸೂರಿನ ನಾಟಕದ ಪ್ರೇಕ್ಷಕ ಅದರಲ್ಲಿ ಇದ್ದಾನೋ ಇಲ್ಲವೋ!

ಉತ್ತರ ತಂಡದ ಫೋನಿನಲ್ಲೇ ಇದೆ. ಖಾತೆಯನ್ನು ಪ್ರೊಫೆಷನಲ್ ಎಂದು ಬದಲಿಸಿಕೊಂಡರೆ (ಅದಕ್ಕೆ ದುಡ್ಡು ಕೊಡಬೇಕಿಲ್ಲ) ಇನ್‌ಸೈಟ್ಸ್ ವಿಭಾಗ ತೆರೆದುಕೊಳ್ಳುತ್ತದೆ. ಫಾಲೋವರ್‌ಗಳ ವಿವರದ ಕೆಳಗೆ Most active times ಎಂಬ ಕಂಬನಕ್ಷೆಯಿದೆ: ಯಾವ ದಿನ, ಯಾವ ಹೊತ್ತಿನಲ್ಲಿ ನಿಮ್ಮವರು ಆ್ಯಪ್ ತೆರೆದಿರುತ್ತಾರೆ ಎಂದು ತೋರಿಸುತ್ತದೆ. ನಮ್ಮ ತಂಡದ ನಕ್ಷೆ ಸಂಜೆ ಆರರಿಂದ ಏರಿ ಒಂಬತ್ತರ ಸುಮಾರಿಗೆ ತುದಿ ಮುಟ್ಟುತ್ತದೆ ಎಂದುಕೊಳ್ಳಿ. ದಿನದಿಂದ ದಿನಕ್ಕೆ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ.

ಇಲ್ಲಿಗೇ ನಿಲ್ಲಿಸುವವರು ಬಹಳ. ಆದರೆ ಆ ನಕ್ಷೆ ಹೇಳುವುದು ಜನ ಆ್ಯಪ್‌ನಲ್ಲಿ ಇದ್ದಾರೆ ಎಂದಷ್ಟೇ, ನಿಮ್ಮ ಪೋಸ್ಟ್ ನೋಡಿದರು ಎಂದಲ್ಲ. 2016ರಿಂದ ಇನ್‌ಸ್ಟಾಗ್ರಾಂ ಪೋಸ್ಟುಗಳನ್ನು ಹಾಕಿದ ಕ್ರಮದಲ್ಲಿ ಜೋಡಿಸುವುದನ್ನು ಬಿಟ್ಟು, ಯಾರಿಗೆ ಯಾವುದು ಹಿಡಿಸಬಹುದೆಂದು ಅಂದಾಜಿಸಿ ತೋರಿಸುತ್ತಿದೆ. ಜನ ಹೆಚ್ಚಿರುವ ಹೊತ್ತಿನಲ್ಲಿ ಪೈಪೋಟಿಯೂ ಹೆಚ್ಚು. ಹಾಗಾಗಿ ನಕ್ಷೆಯಿಂದ ಒಂದು ಊಹೆಯನ್ನು ಮಾತ್ರ ಪಡೆದು, ಅದನ್ನು ಸ್ವಂತ ಪೋಸ್ಟುಗಳ ಮೇಲೆ ಪರೀಕ್ಷಿಸಬೇಕು.

ಪರೀಕ್ಷೆಗೆ ಬೇಕಿರುವುದು ಒಂದು ನೋಟ್‌ಬುಕ್. ಆರು ವಾರ, ವಾರಕ್ಕೆರಡು ತಾಲೀಮಿನ ಫೋಟೊ: ಒಂದು ಬೆಳಿಗ್ಗೆ ಹನ್ನೊಂದಕ್ಕೆ, ಇನ್ನೊಂದು ರಾತ್ರಿ ಎಂಟೂವರೆಗೆ. ಯಾವ ದಿನ ಯಾವುದು ಎಂಬುದನ್ನು ವಾರವಾರವೂ ಅದಲುಬದಲು ಮಾಡಬೇಕು. ಇಲ್ಲದಿದ್ದರೆ ಗೆದ್ದದ್ದು ಗಂಟೆಯೋ ವಾರವೋ ತಿಳಿಯದು. ಎಲ್ಲವೂ ಫೋಟೊಗಳೇ ಆಗಿರಲಿ. ಬೆಳಿಗ್ಗೆ ಪೋಸ್ಟರ್, ರಾತ್ರಿ ರೀಲ್ ಹಾಕಿ ಹೋಲಿಸಿದರೆ ಅದು ಹೊತ್ತಿನ ಪರೀಕ್ಷೆ ಆಗುವುದಿಲ್ಲ. ಪ್ರತಿಯೊಂದನ್ನೂ ಹಾಕಿದ 48 ಗಂಟೆಗೆ ಸರಿಯಾಗಿ ತೆರೆದು ರೀಚ್ ಬರೆದುಕೊಳ್ಳಬೇಕು. ತಿಂಗಳ ಕೊನೆಗೆ ಎಲ್ಲವನ್ನೂ ಒಟ್ಟಿಗೆ ಬರೆದರೆ ಹಳೆಯ ಪೋಸ್ಟಿಗೆ ಸುಮ್ಮನೆ ಹೆಚ್ಚು ದಿನ ಸಿಕ್ಕಿರುತ್ತದೆ.

ನಮ್ಮ ಕಲ್ಪನೆಯ ತಂಡಕ್ಕೆ ಬಂದ ಅಂಕಿಗಳು ಹೀಗಿರಲಿ. ಬೆಳಿಗ್ಗೆ: 310, 280, 340, 295, 1900, 305. ರಾತ್ರಿ: 420, 390, 450, 370, 410, 360. ಸರಾಸರಿ ತೆಗೆದರೆ ಬೆಳಿಗ್ಗೆ ಸುಮಾರು 570, ರಾತ್ರಿ 400. ಹುಡುಗ ಬೀಗುತ್ತಾನೆ, ಹನ್ನೊಂದೇ ಸರಿ ಎಂದು! ಆದರೆ ಆ 1900 ಬಂದದ್ದು ಯಾಕೆ? ಅವತ್ತು ತಾಲೀಮಿಗೆ ಸಿನಿಮಾ ನಟರೊಬ್ಬರು ಬಂದಿದ್ದರು, ಫೋಟೊವನ್ನು ಅವರೂ ಹಂಚಿಕೊಂಡರು. ಇಂಥಲ್ಲಿ ಸರಾಸರಿಗಿಂತ, ಶಾಲೆಯಲ್ಲಿ ಕಲಿತು ಮರೆತ ಮಧ್ಯಾಂಕ ನಂಬಿಕಸ್ಥ. ಅಂಕಿಗಳನ್ನು ಏರಿಕೆಯಲ್ಲಿ ಜೋಡಿಸಿ ನಡುವಿನದನ್ನು ಹಿಡಿದರೆ ಬೆಳಿಗ್ಗೆಗೆ ಸುಮಾರು 308, ರಾತ್ರಿಗೆ 400. ಆ ಒಂದು ಫೋಟೊ ಬಿಟ್ಟರೆ ಬೆಳಗಿನ ಅತಿ ಒಳ್ಳೆಯ ಪೋಸ್ಟೂ (340) ರಾತ್ರಿಯ ಅತಿ ಕಳಪೆಯದಕ್ಕಿಂತ (360) ಕೆಳಗಿದೆ. ಆರಾರು ಪೋಸ್ಟುಗಳ ಮೇಲೆ ತೀರ್ಮಾನಿಸಬೇಕಾದರೆ ಇಷ್ಟು ಸ್ಪಷ್ಟ ಅಂತರ ಕಾಣಬೇಕು. ಇವೇ ಅಂಕಿಗಳನ್ನು ದಿನದ ಪ್ರಕಾರ ವಿಂಗಡಿಸಿದಾಗ ಮಂಗಳವಾರ, ಗುರುವಾರ ಒಂದರೊಳಗೊಂದು ಬೆರೆತುಹೋದರೆ, ದಿನದಿಂದ ವ್ಯತ್ಯಾಸ ಕಾಣಲಿಲ್ಲ ಎಂದು ಒಪ್ಪಿಕೊಂಡು ಮುಂದೆ ಹೋಗುವುದೇ ಸರಿ. ಈ ಆರು ವಾರಗಳಲ್ಲಿ ದಸರಾ ಬಂದರೆ, ಅಥವಾ ಐಪಿಎಲ್ ನಡೆಯುತ್ತಿದ್ದರೆ, ರಾತ್ರಿಯ ಲೆಕ್ಕವನ್ನು ಇನ್ನೊಮ್ಮೆ ಮಾಡಬೇಕಾಗುತ್ತದೆ.

ಟಿಕೆಟ್ ಪೋಸ್ಟಿನ ಮಾತು ಬೇರೆ. ಅಲ್ಲಿ ಎಣಿಸಬೇಕಾದದ್ದು ರೀಚ್ ಅಲ್ಲ, ಬುಕಿಂಗ್ ಲಿಂಕ್ ಒತ್ತಿದವರನ್ನು. ಇನ್‌ಸೈಟ್ಸ್‌ನ ಊರುಗಳ ಪಟ್ಟಿಯನ್ನೂ ಒಮ್ಮೆ ನೋಡಬೇಕು. ದುಬೈ, ನ್ಯೂಜೆರ್ಸಿಯ ಕನ್ನಡಿಗರು ಮೆಚ್ಚುಗೆ ಒತ್ತುತ್ತಾರೆ, ಸಂತೋಷ. ಭಾನುವಾರದ ಪ್ರದರ್ಶನಕ್ಕೆ ಬಂದು ಕುಳಿತುಕೊಳ್ಳುವವರು ಮಾತ್ರ ಮೈಸೂರು, ಮಂಡ್ಯದವರು. ಅವರ ಹೊತ್ತು ನೋಡಿದರೆ ಸಾಕು.

ಇಷ್ಟೆಲ್ಲ ಆಗಿ ಎಂಟೂವರೆ ಗೊತ್ತಾದಾಗ ಒಂದು ಫಜೀತಿ. ಆಗ ತಂಡದವರೆಲ್ಲ ತಾಲೀಮಿನಲ್ಲಿ ಇರುತ್ತಾರೆ. ಪೋಸ್ಟನ್ನು ಮೊದಲೇ ಸಮಯ ನಿಗದಿಮಾಡಿ ಇಡಬಹುದು, ಅದು ತಾನೇ ಹೋಗುತ್ತದೆ. ಆದರೆ ‘ಮಕ್ಕಳನ್ನು ಕರೆತರಬಹುದೇ?’ ಎಂದು ಕೆಳಗೆ ಕೇಳಿದವರಿಗೆ ಉತ್ತರಿಸುವವರು ಯಾರು? ತಾಲೀಮು ಮುಗಿಯುವ ಒಂಬತ್ತೂವರೆಗೆ ಹಾಕಿ ಇನ್ನೂ ಮೂರು ವಾರ ಬರೆದುಕೊಂಡರು. ಬಂದದ್ದು 380, 405, 365. ಎಂಟೂವರೆಯದಕ್ಕೂ ಇದಕ್ಕೂ ಹೇಳುವಂಥ ವ್ಯತ್ಯಾಸವಿಲ್ಲ. ಈಗ ಹುಡುಗ ಬಣ್ಣದ ಪೆಟ್ಟಿಗೆಯ ಮೇಲೆ ಕೂತು, ಪೋಸ್ಟ್ ಹಾಕಿ, ಅರ್ಧ ಗಂಟೆ ಉತ್ತರ ಬರೆದು ಮನೆಗೆ ಹೋಗುತ್ತಾನೆ.