ಬಿಳಿ ಹಾಳೆ ಮಾಯ, ಗೆರೆ ಮಾತ್ರ ಉಳಿಕೆ

ಕಪ್ಪು ಇಂಕಿನಲ್ಲಿ ಬಿಡಿಸಿದ ತೆಂಗಿನ ಮರದ ಚಿತ್ರವೊಂದನ್ನು ಸ್ಕ್ಯಾನ್ ಮಾಡಿ, ಅದರ ಹಿಂದೆ ನೀಲಿ ಆಕಾಶ ಕೂರಿಸಬೇಕು ಎಂದಿಟ್ಟುಕೊಳ್ಳಿ. ಅಡ್ಡ ಬರುವುದು ಹಾಳೆಯ ಬಿಳಿ. ಹೊಸದಾಗಿ ಫೋಟೊಶಾಪ್ ಅಥವಾ ಗಿಂಪ್ ಹಿಡಿದವರು ಸಾಮಾನ್ಯವಾಗಿ ಮ್ಯಾಜಿಕ್ ವಾಂಡ್ ತೆಗೆದುಕೊಂಡು ಆ ಬಿಳಿಯನ್ನು ಸೆಲೆಕ್ಟ್ ಮಾಡಿ ಅಳಿಸಲು ಹೊರಡುತ್ತಾರೆ. ಗರಿಯ ಎಲೆಗಳ ನಡುವಿನ ಒಂದೊಂದು ಸಂದಿಯನ್ನೂ ಬೇರೆ ಬೇರೆಯಾಗಿ ಕ್ಲಿಕ್ ಮಾಡಬೇಕು. ಅಷ್ಟು ಮಾಡಿ ಮುಗಿಸಿದರೂ ಆಕಾಶದ ಮೇಲೆ ಪ್ರತಿ ಗೆರೆಯ ಸುತ್ತ ತೆಳುವಾದ ಬೆಳ್ಳನೆಯ ಅಂಚು ಉಳಿದುಬಿಡುತ್ತದೆ.

ಆ ಅಂಚಿಗೆ ಕಾರಣವಿದೆ. ಸ್ಕ್ಯಾನ್ ಮಾಡಿದ ಗೆರೆ ಕಪ್ಪಿನಿಂದ ಬಿಳಿಗೆ ಒಮ್ಮೆಲೇ ಹಾರುವುದಿಲ್ಲ. ನಡುವೆ ಕೆಲವು ಬೂದು ಪಿಕ್ಸೆಲ್‌ಗಳಿರುತ್ತವೆ. ಅವು ಇಂಕೂ ಹೌದು, ಹಾಳೆಯೂ ಹೌದು. ಸೆಲೆಕ್ಷನ್ ಅವನ್ನು ಬಿಟ್ಟರೆ ಬೆಳ್ಳನೆಯ ಅಂಚು, ಸೇರಿಸಿಕೊಂಡರೆ ಕೊರೆದುಹೋದ ಗೆರೆ.

ಮಲ್ಟಿಪ್ಲೈ ಈ ತಂಟೆಗೇ ಹೋಗುವುದಿಲ್ಲ. ಆಕಾಶದ ಬಣ್ಣವನ್ನು ಕೆಳಗಿನ ಲೇಯರಿನಲ್ಲಿಟ್ಟು, ಮರದ ಚಿತ್ರವನ್ನು ಮೇಲಿಟ್ಟು, ಲೇಯರ್ ಪಟ್ಟಿಯಲ್ಲಿ Normal ಎಂದಿರುವ ಕಡೆ Multiply ಆರಿಸಿದರೆ ಸಾಕು. (ಫೋಟೊಶಾಪಿನಲ್ಲಿ ಸ್ಕ್ಯಾನ್ ಚಿತ್ರ ಬೀಗದ ಗುರುತಿನ Background ಆಗಿ ತೆರೆದುಕೊಂಡಿದ್ದರೆ, ಅದರ ಮೇಲೆ ಡಬಲ್ ಕ್ಲಿಕ್ ಮಾಡಿ ಮಾಮೂಲಿ ಲೇಯರ್ ಮಾಡಿಕೊಳ್ಳಬೇಕು.) ಆಗ ಪ್ರತಿ ಪಿಕ್ಸೆಲ್‌ನಲ್ಲೂ ನಡೆಯುವುದು ಇಷ್ಟೇ ಲೆಕ್ಕ:

```
ಫಲ = ಮೇಲಿನದು × ಕೆಳಗಿನದು ÷ 255
```

ಕಂಪ್ಯೂಟರಿಗೆ ಅಚ್ಚ ಬಿಳಿ ಎಂದರೆ 255, ಅಚ್ಚ ಕಪ್ಪು ಎಂದರೆ 0. ಆಕಾಶದ ನೀಲಿಯಲ್ಲಿ ಕೆಂಪು 130, ಹಸಿರು 190, ನೀಲಿ 240 ಇದೆ ಎನ್ನೋಣ. ಅದರ ಮೇಲೆ ಬಿಳಿ ಬಂದರೆ 255ರಿಂದ ಗುಣಿಸಿ 255ರಿಂದಲೇ ಭಾಗಿಸಿದ ಹಾಗಾಯಿತು. ಆಕಾಶ ಇದ್ದಂತೆಯೇ ಇರುತ್ತದೆ. ಇಂಕಿನ ಬೆಲೆ 30 ಆಗಿದ್ದರೆ 15, 22, 28 ಬರುತ್ತದೆ, ಹೆಚ್ಚುಕಡಿಮೆ ಕಪ್ಪೇ. ಇನ್ನು ತೊಂದರೆ ಕೊಡುತ್ತಿದ್ದ ಅಂಚಿನ ಬೂದು, 128 ಎಂದಿಟ್ಟುಕೊಂಡರೆ, 65, 95, 120 ಆಗುತ್ತದೆ. ಅದು ಕಡುನೀಲಿ. ಬೆಳ್ಳಗೆ ಎದ್ದು ಕಾಣಬೇಕಿದ್ದ ಅಂಚು ಆಕಾಶದ ಬಣ್ಣದಲ್ಲೇ ಕಪ್ಪಿನತ್ತ ಇಳಿಯುತ್ತದೆ.

ಆದರೆ ನಮ್ಮ ಕಣ್ಣಿಗೆ ಬಿಳಿ ಎನಿಸುವ ಹಾಳೆ ಸ್ಕ್ಯಾನಿನಲ್ಲಿ 255 ಇರುವುದು ಅಪರೂಪ. ಅದು 235 ಇದ್ದರೆ ಆಕಾಶ 120, 175, 221ಕ್ಕೆ ಇಳಿದು ಇಡೀ ಚಿತ್ರಕ್ಕೆ ಮಬ್ಬು ಕವಿಯುತ್ತದೆ. ಹಳದಿ ಛಾಯೆಯ ಹಾಳೆಯಾದರೆ ನೀಲಿಯೇ ಕೊಳಕಾಗಿ ಕಾಣುತ್ತದೆ. ಮರದ ಲೇಯರನ್ನು ಒಮ್ಮೆ ಮುಚ್ಚಿ ತೆರೆದು ನೋಡಿದರೆ ಇದು ಗೊತ್ತಾಗಿಬಿಡುತ್ತದೆ: ಗೆರೆಯೇ ಇಲ್ಲದ ಜಾಗದಲ್ಲೂ ಬಣ್ಣ ಬದಲಾದರೆ ಹಾಳೆ ಇನ್ನೂ ಹೋಗಿಲ್ಲ.

ಪರಿಹಾರ Levels ಕಿಟಕಿಯಲ್ಲಿದೆ. ಮೊದಲು ಚಿತ್ರದ ಬಣ್ಣ ತೆಗೆದು ಬರೀ ಬೂದು ಛಾಯೆಗೆ ತರಬೇಕು. ಆಮೇಲೆ Levels ತೆರೆದರೆ ಗ್ರಾಫಿನ ಬಲತುದಿಯ ಹತ್ತಿರ ದೊಡ್ಡ ಗುಡ್ಡ ಕಾಣುತ್ತದೆ. ಅದೇ ಹಾಳೆ. ಬಲಗಡೆಯ ಬಿಳಿ ತ್ರಿಕೋನವನ್ನು ಆ ಗುಡ್ಡದ ಎಡ ಬುಡದವರೆಗೆ ಎಳೆದರೆ, ಅಲ್ಲಿಂದ ಬಲಕ್ಕಿರುವುದೆಲ್ಲ 255 ಆಗುತ್ತದೆ. ಇಂಕಿನ ಚಿತ್ರಕ್ಕೆ ಸ್ವಲ್ಪ ಜಾಸ್ತಿ ಎಳೆದರೂ ನಡೆಯುತ್ತದೆ. ಪೆನ್ಸಿಲ್ ಚಿತ್ರದಲ್ಲಿ ಮಾತ್ರ ಹುಷಾರಾಗಿರಬೇಕು. ತೆಳು ಗೆರೆಗಳೂ ಹಾಳೆಯ ಬೆಲೆಗೆ ಹತ್ತಿರವೇ ಇರುವುದರಿಂದ ಹಾಳೆಯ ಜೊತೆ ಅವೂ ಹೊರಟುಹೋಗುತ್ತವೆ.

ಮಲ್ಟಿಪ್ಲೈ ಕೆಳಗಿನದನ್ನು ಕಪ್ಪಾಗಿಸಬಲ್ಲದೇ ಹೊರತು ತಿಳಿಯಾಗಿಸಲಾರದು. ಹಗಲಿನ ಆಕಾಶ ತೆಗೆದು ರಾತ್ರಿಯ ಕಡುನೀಲಿ ಹಾಕಿದರೆ ತೆಂಗಿನ ಗರಿಗಳು ಅದರಲ್ಲಿ ಮುಳುಗಿಹೋಗುತ್ತವೆ. ಅಲ್ಲಿ ಬೆಳ್ಳನೆಯ ಗೆರೆ ಬೇಕಾದರೆ ಚಿತ್ರವನ್ನು Invert ಮಾಡಿ, Multiply ಬದಲು Screen ಆರಿಸಬೇಕು. ಹಾಗೆಯೇ ಕಾಂಡದ ಒಳಗಿನ ಬಿಳಿಯೂ ಹೋಗಿ ಅಲ್ಲೂ ಆಕಾಶ ಕಾಣುತ್ತದೆ. ಗೆರೆಯ ಲೇಯರಿಗೂ ಆಕಾಶಕ್ಕೂ ನಡುವೆ ಹೊಸ ಲೇಯರ್ ತೆರೆದು ಅಲ್ಲಿ ಕಾಂಡಕ್ಕೆ ಕಂದು, ಎಳನೀರಿಗೆ ಹಸಿರು ಬಳಿದರೆ ಆ ಕೊರತೆ ನೀಗುತ್ತದೆ. ಬಣ್ಣ ಗೆರೆಯ ಅಡಿಯಲ್ಲೇ ಇರುವುದರಿಂದ ಗೆರೆ ಕೆಡುವ ಭಯವೂ ಇಲ್ಲ.

ಇನ್ನೊಂದು ಮಾತು ನೆನಪಿರಬೇಕು. ಇಲ್ಲಿ ಹಾಳೆಯನ್ನು ಯಾರೂ ಅಳಿಸಿಲ್ಲ. ಕೆಳಗೊಂದು ಬಣ್ಣ ಇರುವವರೆಗೆ ಅದು ಕಾಣುತ್ತಿಲ್ಲ, ಅಷ್ಟೆ. ಆಕಾಶದ ಲೇಯರ್ ಮುಚ್ಚಿ ಮರವನ್ನಷ್ಟೇ ಪಿಎನ್‌ಜಿ ಮಾಡಿ ಕಳಿಸಿದರೆ ಬಿಳಿ ಹಾಳೆ ಹಾಗೇ ವಾಪಸ್ ಬರುತ್ತದೆ. ಗೆರೆಯನ್ನು ನಿಜಕ್ಕೂ ಹಾಳೆಯಿಂದ ಬಿಡಿಸಬೇಕಾದವರಿಗೆ ಗಿಂಪ್‌ನ Colors ಮೆನುವಿನಲ್ಲಿ Color to Alpha ಇದೆ. ಅದರಲ್ಲಿ ಬಿಳಿಯನ್ನು ಆರಿಸಿದರೆ ಹಾಳೆಯ ಜಾಗ ಪಾರದರ್ಶಕವಾಗುತ್ತದೆ, ಅಂಚಿನ ಬೂದು ಪಿಕ್ಸೆಲ್‌ಗಳು ಅರೆಪಾರದರ್ಶಕವಾಗಿ ಉಳಿಯುತ್ತವೆ. ಅದಕ್ಕೂ ಸೆಲೆಕ್ಷನ್ ಬೇಕಿಲ್ಲ.