ಹಬ್ಬದ ಸ್ಕೀಮ್: ಆಮಂತ್ರಣದಲ್ಲಿ ಓದಬೇಕಾದ ಸಾಲುಗಳು

ದಸರಾ, ದೀಪಾವಳಿಗೆ ಮುಂಚೆ ಡಿಸ್ಟ್ರಿಬ್ಯೂಟರ್‌ಗಳು ತಮ್ಮ ಅಂಗಡಿಕಾರರನ್ನು ಹೋಟೆಲಿನ ಹಾಲ್‌ಗೆ ಕರೆಯುತ್ತಾರೆ. ಅದೇ ಡೀಲರ್ ಮೀಟ್. ಅದರ ಆಮಂತ್ರಣದಲ್ಲಿ ಊಟ, ಲಕ್ಕಿ ಡ್ರಾ, ಗೋವಾ ಪ್ರವಾಸ ದಪ್ಪ ಅಕ್ಷರದಲ್ಲಿರುತ್ತವೆ. ಅಂಗಡಿಯ ಲಾಭ ನಷ್ಟ ತೀರ್ಮಾನವಾಗುವುದು ಮಾತ್ರ ಕೆಳಗಿನ ಸಣ್ಣ ಸಾಲುಗಳಲ್ಲಿ.

ಮಿಕ್ಸರ್ ಗ್ರೈಂಡರ್ ಮಾರುವ ಒಬ್ಬ ಡೀಲರ್‌ಗೆ ಇಂಥ ಪತ್ರ ಬಂದಿದೆ ಎನ್ನೋಣ: ಸೆಪ್ಟೆಂಬರ್ 1ರಿಂದ ಅಕ್ಟೋಬರ್ 15ರವರೆಗೆ 3 ಲಕ್ಷ ರೂಪಾಯಿ ಮಾಲು ಎತ್ತಿದರೆ ಶೇ. 2, 5 ಲಕ್ಷ ಎತ್ತಿದರೆ ಶೇ. 4 ರಿಯಾಯಿತಿ. ಹಣ ಕ್ರೆಡಿಟ್ ನೋಟ್ ರೂಪದಲ್ಲಿ ಆಮೇಲೆ ಬರುತ್ತದೆ.

ಮೊದಲು ಕೇಳಬೇಕಾದದ್ದು, ಟಾರ್ಗೆಟ್ ಲೆಕ್ಕ ಜಿಎಸ್‌ಟಿ ಸೇರಿಸಿಯೋ, ಬಿಟ್ಟೋ ಎಂದು. ಸಾಮಾನ್ಯವಾಗಿ ತೆರಿಗೆ ಬಿಟ್ಟೇ ಲೆಕ್ಕ ಹಾಕುತ್ತಾರೆ. ಶೇ. 18 ತೆರಿಗೆ ಸೇರಿ ಬಿಲ್ಲುಗಳ ಮೊತ್ತ 5 ಲಕ್ಷವಾದರೆ, ಮಾಲಿನ ಬೆಲೆ ಸುಮಾರು 4.24 ಲಕ್ಷ ಮಾತ್ರ. ಟಾರ್ಗೆಟ್ ಮುಟ್ಟಿದೆ ಎಂದು ನಿಶ್ಚಿಂತೆಯಿಂದಿದ್ದವರಿಗೆ ಶೇ. 2ರ ಕ್ರೆಡಿಟ್ ನೋಟ್ ಬರುವುದು ಹೀಗೆ.

ಎರಡನೆಯದು ಸ್ಲ್ಯಾಬ್. ಈ ಡೀಲರ್‌ನ ಸಹಜ ಖರೀದಿ, ತೆರಿಗೆ ಬಿಟ್ಟು, 4.2 ಲಕ್ಷ. ಅದಕ್ಕೆ ಸಿಗುವುದು 8,400 ರೂಪಾಯಿ. ಇನ್ನೂ 80,000 ರೂಪಾಯಿಯ ಮಾಲು ಎತ್ತಿ 5 ಲಕ್ಷ ಮುಟ್ಟಿಸಿದರೆ 20,000. ಹೆಚ್ಚಿಗೆ ಸಿಕ್ಕದ್ದು 11,600. ಆದರೆ ಇದು ಶೇ. 4 ಪೂರ್ತಿ ಮೊತ್ತಕ್ಕೆ ಅನ್ವಯಿಸಿದರೆ ಮಾತ್ರ. 5 ಲಕ್ಷ ದಾಟಿದ ಭಾಗಕ್ಕಷ್ಟೇ ಶೇ. 4 ಎಂದಿದ್ದರೆ ಹೆಚ್ಚಿಗೆ ಸಿಗುವುದು ಬರೀ 1,600. ಆ 80,000ದ ಮಾಲು ದೀಪಾವಳಿ ಕಳೆದರೂ ಖರ್ಚಾಗದೆ ಉಳಿದು, ಅಂಗಡಿಗೆ ತಂದ ಸಾಲಕ್ಕೆ ತಿಂಗಳಿಗೆ ಶೇ. 2 ಬಡ್ಡಿಯಿದ್ದರೆ, ಒಂದೇ ತಿಂಗಳಲ್ಲಿ ಅಷ್ಟೂ ಬಡ್ಡಿಗೆ ಹೋಗುತ್ತದೆ.

ಮೂರನೆಯದು ದಿನಾಂಕ. ಅಕ್ಟೋಬರ್ 15 ಎಂದರೆ ಆರ್ಡರ್ ಕೊಟ್ಟ ದಿನವೋ, ಬಿಲ್ ಆದ ದಿನವೋ? 14ಕ್ಕೆ ಕೊಟ್ಟ ಆರ್ಡರ್‌ಗೆ ಗೋಡೌನ್‌ನಲ್ಲಿ ಸ್ಟಾಕ್ ಇಲ್ಲದೆ 17ಕ್ಕೆ ಬಿಲ್ ಆದರೆ ಅದು ಸ್ಕೀಮಿನ ಹೊರಗೆ ಬೀಳಬಹುದು. ಇಷ್ಟು ದಿನದೊಳಗೆ ಹಣ ಕಟ್ಟಿದ ಬಿಲ್ಲುಗಳಿಗೆ ಮಾತ್ರ ರಿಯಾಯಿತಿ ಎಂಬ ಷರತ್ತೂ ಇರುತ್ತದೆ. ವಾಪಸ್ ಕಳಿಸಿದ ಮಾಲನ್ನು ಟಾರ್ಗೆಟ್‌ನಿಂದ ಕಳೆಯುತ್ತಾರೆ. ಆದ್ದರಿಂದ ಕೊನೆಯ ವಾರಕ್ಕೆ ಕಾಯದೆ ಆರ್ಡರ್ ಕೊಡುವುದೇ ಕ್ಷೇಮ.

ಬಹುಮಾನಕ್ಕೂ ತೆರಿಗೆಯ ಲೆಕ್ಕವಿದೆ. ವರ್ಷಕ್ಕೆ 20,000 ರೂಪಾಯಿ ಮೀರಿದ ಚಿನ್ನದ ನಾಣ್ಯ, ಪ್ರವಾಸದಂಥ ಸವಲತ್ತುಗಳಿಗೆ ಶೇ. 10 ಟಿಡಿಎಸ್ ಕಡಿತದ ನಿಯಮ 2022ರ ಜುಲೈ 1ರಿಂದ ಜಾರಿಗೆ ಬಂತು. ಬೆಲೆಯಲ್ಲಿ ಕೊಡುವ ರಿಯಾಯಿತಿಗೆ ಅದು ಅನ್ವಯಿಸುವುದಿಲ್ಲ.

ಮೀಟ್‌ನಲ್ಲಿ ಬುಕಿಂಗ್ ಫಾರಂಗೆ ಸಹಿ ಹಾಕುವ ಮುನ್ನ ಈ ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರ ಪಡೆಯಬೇಕು. ಕ್ರೆಡಿಟ್ ನೋಟ್ ಯಾವ ತಾರೀಖಿನೊಳಗೆ ಬರುತ್ತದೆ ಎಂಬುದನ್ನೂ ಅದೇ ಕಾಗದದಲ್ಲಿ ಬರೆಸಿಕೊಳ್ಳಬೇಕು. ಸೇಲ್ಸ್‌ಮನ್ ಬದಲಾದರೂ ಆ ಕಾಗದ ಉಳಿಯುತ್ತದೆ.